ಲಾಭ ಪುಸ್ತಕದಲ್ಲಿ, ದುಡ್ಡು ಪಾರ್ಟಿ ಹತ್ತಿರ

ಪ್ರಶ್ನೆ: ನಮ್ಮದು ಸಣ್ಣ ಮಷೀನ್ ಶಾಪ್, ಪ್ರೊಪ್ರೈಟರ್‌ಶಿಪ್. ಮಾರಾಟ ಹೋದ ವರ್ಷ 3 ಕೋಟಿ, ಈ ವರ್ಷ 3.6 ಕೋಟಿ. ಪಾರ್ಟಿಗಳಿಂದ ಬರಬೇಕಾದ ಬಾಕಿ 80 ಲಕ್ಷ ಇದ್ದದ್ದು 1.42 ಕೋಟಿ ಆಗಿದೆ. ಆಡಿಟರ್ 24 ಲಕ್ಷ ಲಾಭ ಅಂತಾರೆ. ಬ್ಯಾಂಕಲ್ಲಿ ಇರೋದು 61 ಸಾವಿರ. ಬರದೇ ಇರೋ ದುಡ್ಡನ್ನ ಆದಾಯ ಅಂತ ಹೇಗೆ ಬರೀತಾರೆ? ಬಂದ ಮೇಲೆ ಲೆಕ್ಕಕ್ಕೆ ಹಿಡಿದರೆ ಆಗಲ್ವಾ?

ಉತ್ತರ:

ನಾನು ಇಪ್ಪತ್ತು ವರ್ಷದಿಂದ ಇಂಥ ಸಣ್ಣ ಕಾರ್ಖಾನೆಗಳ ಲೆಕ್ಕ ಬರೆಯುತ್ತಿದ್ದೇನೆ. ಪ್ರತಿ ವರ್ಷ ಒಬ್ಬರಾದರೂ ಬ್ಯಾಲೆನ್ಸ್ ಶೀಟ್ ಕೈಯಲ್ಲಿ ಹಿಡಿದು ಇದನ್ನೇ ಕೇಳುತ್ತಾರೆ. ಆಡಿಟರ್ ಮೋಸ ಮಾಡಿಲ್ಲ. ದುಡ್ಡೂ ಕಳೆದುಹೋಗಿಲ್ಲ. ಅದು ಎಲ್ಲಿದೆ ಅಂತ ನಿಮ್ಮ ಪ್ರಶ್ನೆಯಲ್ಲೇ ಇದೆ, ಆ 80 ಲಕ್ಷ ಮತ್ತು 1.42 ಕೋಟಿಯ ಮಧ್ಯೆ.

ಒಂದೇ ಒಂದು ಬಿಲ್ ಹಿಡಿದುಕೊಂಡು ಅದರ ಹಿಂದೆ ಹೋಗೋಣ. ಅಂಕಿಗಳು ನನ್ನವು, ಆದರೆ ನಿಮ್ಮ ಶಾಪಿನಲ್ಲಿ ನಡೆಯುವುದು ಇದೇ.

ಜನವರಿಯಲ್ಲಿ ನೀವು 6 ಲಕ್ಷದ ಕಬ್ಬಿಣ ತರುತ್ತೀರಿ. ಅದರ ಮೇಲೆ 18% ಜಿಎಸ್‌ಟಿ 1.08 ಲಕ್ಷ. ಕಬ್ಬಿಣದವನು ಉದ್ರಿ ಕೊಡಲಿಲ್ಲ, ಪೂರ್ತಿ ದುಡ್ಡು ಕೊಟ್ಟಿರಿ. ಕೂಲಿ, ಕರೆಂಟು, ಟೂಲ್ಸು ಅಂತ ಇನ್ನೊಂದು 2 ಲಕ್ಷ ಹೋಯಿತು. ಫೆಬ್ರವರಿ 20ಕ್ಕೆ ಮಾಲು ರೆಡಿ. 10 ಲಕ್ಷದ ಬಿಲ್, ಜಿಎಸ್‌ಟಿ 1.8 ಲಕ್ಷ, ಒಟ್ಟು 11.8 ಲಕ್ಷ. ಲಾರಿ ಹೋಯಿತು, ಪಾರ್ಟಿಯ ಸ್ಟೋರಿನವರು ಮಾಲು ಇಳಿಸಿಕೊಂಡು ಚಲನ್‌ಗೆ ಸಹಿ ಹಾಕಿದರು. ದುಡ್ಡು ಮೇ ಕೊನೆಗೆ ಅಂದರು.

ಆ ಸಹಿ ಬಿದ್ದ ದಿನ ನಿಮ್ಮ ಪುಸ್ತಕದಲ್ಲಿ 10 ಲಕ್ಷ ಆದಾಯ ಹುಟ್ಟಿತು. ಯಾಕೆ ಅಂದರೆ ನೀವು ಮಾಡಬೇಕಾದ ಕೆಲಸ ಮುಗಿದಿದೆ. ಮಾಲು ಈಗ ಅವರದು. ನಾಳೆ ಅವರ ಗೋಡೌನಿಗೆ ಬೆಂಕಿ ಬಿದ್ದರೂ ನಷ್ಟ ಅವರದು, ನಿಮಗೆ 11.8 ಲಕ್ಷ ಕೊಡಲೇಬೇಕು. ದುಡ್ಡು ಯಾವಾಗ ಕೈಗೆ ಬರುತ್ತದೆ ಅನ್ನುವುದನ್ನು ನೋಡದೆ, ಅದರ ಮೇಲೆ ಹಕ್ಕು ಯಾವತ್ತು ಬಂತು ಅಂತ ನೋಡಿ ಬರೆಯುವುದೇ ಅಕ್ರೂಯಲ್ ಪದ್ಧತಿ. ಹಳೇ ಲೆಕ್ಕಿಗರು ಮರ್ಕೆಂಟೈಲ್ ಅನ್ನುತ್ತಾರೆ, ಎರಡೂ ಒಂದೇ. ಖರ್ಚಿಗೂ ಅದೇ ನ್ಯಾಯ. ಮಾರ್ಚ್ ತಿಂಗಳ ಸಂಬಳವನ್ನು ಏಪ್ರಿಲ್ 7ಕ್ಕೆ ಕೊಟ್ಟರೂ ಅದು ಮಾರ್ಚಿನ ಖರ್ಚೇ.

ಈಗ ಮಾರ್ಚ್ 31ಕ್ಕೆ ಬನ್ನಿ. ಪುಸ್ತಕದ ಪ್ರಕಾರ 10 ಲಕ್ಷದ ಮಾರಾಟ, 8 ಲಕ್ಷ ಖರ್ಚು, 2 ಲಕ್ಷ ಲಾಭ. ಬ್ಯಾಂಕಿನ ಪ್ರಕಾರ? ಕಬ್ಬಿಣಕ್ಕೆ 7.08 ಲಕ್ಷ ಹೋಗಿದೆ. ಕೂಲಿ, ಕರೆಂಟಿಗೆ 2 ಲಕ್ಷ. ಫೆಬ್ರವರಿಯ ಜಿಎಸ್‌ಟಿಯನ್ನು ಮಾರ್ಚ್ ತಿಂಗಳಲ್ಲೇ ಕಟ್ಟಬೇಕು, ಪಾರ್ಟಿ ನಿಮಗೆ ಕೊಟ್ಟಿರಲಿ ಬಿಡಲಿ. 1.8 ಲಕ್ಷದಲ್ಲಿ ನೀವು ಮೊದಲೇ ಕೊಟ್ಟ 1.08 ಲಕ್ಷ ಕಳೆದರೆ 72 ಸಾವಿರ. ಒಟ್ಟು 9.8 ಲಕ್ಷ ಹೊರಗೆ ಹೋಗಿದೆ, ಒಳಗೆ ಬಂದದ್ದು ಸೊನ್ನೆ. ಇದರ ಮೇಲೆ ಆ 2 ಲಕ್ಷ ಲಾಭಕ್ಕೆ ಅಡ್ವಾನ್ಸ್ ಟ್ಯಾಕ್ಸ್. ಮಾರ್ಚ್ 15 ಅದರ ಕೊನೇ ಕಂತು. 25% ಅಂತ ಹಿಡಿದರೂ 50 ಸಾವಿರ.

ಹೀಗೆ 2 ಲಕ್ಷ ಲಾಭ ಮಾಡಿದ ಬಿಲ್ಲೇ ನಿಮ್ಮ ಜೇಬಿನಿಂದ 10.3 ಲಕ್ಷ ಎತ್ತಿಕೊಂಡು ಕೂತಿದೆ. ಮೇನಲ್ಲಿ 11.8 ಲಕ್ಷ ಬಂದರೆ ಎಲ್ಲ ಸರಿಹೋಗುತ್ತದೆ. ಆದರೆ ಅಷ್ಟರಲ್ಲಿ ಮಾರ್ಚಿನ ಬಿಲ್, ಏಪ್ರಿಲಿನ ಬಿಲ್ ಅಂತ ಇನ್ನೆರಡು ಇದೇ ಥರ ಕೂತಿರುತ್ತವೆ. ಮಾರಾಟ ಹೆಚ್ಚಾದಷ್ಟೂ ದುಡ್ಡಿನ ಬಿಗಿ ಜಾಸ್ತಿ. ಆರ್ಡರ್ ಇಲ್ಲದೆ ಶಾಪ್ ಮುಚ್ಚಿದವರನ್ನು ನೋಡಿದ್ದೇನೆ, ಆರ್ಡರ್ ಜಾಸ್ತಿಯಾಗಿ ಮುಚ್ಚಿದವರನ್ನೂ ನೋಡಿದ್ದೇನೆ.

ಹಾಗಾದರೆ ದುಡ್ಡು ಬಂದಾಗಲೇ ಬರೆದರೆ ಆಗಲ್ವಾ? ನಿಮಗೆ ಆಗುತ್ತದೆ, ಕಾನೂನು ಬಿಡುತ್ತದೆ. ಆದಾಯ ತೆರಿಗೆ ಕಾಯ್ದೆಯ ಪ್ರಕಾರ ವ್ಯಾಪಾರದ ಆದಾಯವನ್ನು ನಗದು ಪದ್ಧತಿಯಲ್ಲಿ ಬರೆಯಬಹುದು, ಇಲ್ಲವೇ ಮರ್ಕೆಂಟೈಲ್ ಪದ್ಧತಿಯಲ್ಲಿ. ಆದರೆ ಒಂದನ್ನು ಹಿಡಿದರೆ ಅದನ್ನೇ ವರ್ಷ ವರ್ಷ ಪಾಲಿಸಬೇಕು. ಈ ವರ್ಷ ಬಾಕಿ ಜಾಸ್ತಿ ಇದೆ, ನಗದು ಪದ್ಧತಿ ಮಾಡೋಣ, ಮುಂದಿನ ವರ್ಷ ನೋಡೋಣ ಅನ್ನುವಂತಿಲ್ಲ. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಈ ಆಯ್ಕೆಯೇ ಇರುತ್ತಿರಲಿಲ್ಲ. 2013ರ ಕಂಪನಿ ಕಾಯ್ದೆ ಅಕ್ರೂಯಲ್ ಮಾತ್ರ ಒಪ್ಪುತ್ತದೆ.

ಡಾಕ್ಟರು, ವಕೀಲರು ತುಂಬ ಜನ ನಗದು ಪದ್ಧತಿಯಲ್ಲೇ ಬರೆಯುತ್ತಾರೆ. ಅವರಿಗೆ ಅದು ಸರಿಯೂ ಹೌದು. ಕಬ್ಬಿಣ ತರಬೇಕಿಲ್ಲ, ಸ್ಟಾಕ್ ಇಲ್ಲ, ಫೀಸು ಬಂದಾಗ ಆದಾಯ. ನಿಮ್ಮ ಶಾಪಿಗೆ ಹಾಕಿ ನೋಡಿ. ಜಿಎಸ್‌ಟಿ ಬದಿಗಿಟ್ಟರೆ ಅದೇ ಬಿಲ್ ಮಾರ್ಚ್ 31ಕ್ಕೆ 8 ಲಕ್ಷ ನಷ್ಟ ತೋರಿಸುತ್ತದೆ, ಮುಂದಿನ ವರ್ಷಕ್ಕೆ ಖರ್ಚೇ ಇಲ್ಲದೆ 10 ಲಕ್ಷ ಲಾಭ ತೋರಿಸುತ್ತದೆ. ಎರಡೂ ಸುಳ್ಳು. ನಷ್ಟ ತೋರಿಸಿದ ವರ್ಷ ಬ್ಯಾಂಕಿನವರು ಓವರ್‌ಡ್ರಾಫ್ಟ್ ರಿನ್ಯೂ ಮಾಡಲ್ಲ. ಲಾಭ ತೋರಿಸಿದ ವರ್ಷ ತೆರಿಗೆ ಮೇಲಿನ ಸ್ಲ್ಯಾಬಿಗೆ ಹೋಗುತ್ತದೆ. ಜೊತೆಗೆ ಮಾರ್ಚ್ 29ಕ್ಕೆ ಪಾರ್ಟಿಗೆ ಫೋನ್ ಮಾಡಿ, 'ಏಪ್ರಿಲ್ 2ಕ್ಕೆ ಹಾಕಿ ಸರ್' ಅಂದರೆ ಸಾಕು, ಲಾಭ ಒಂದು ವರ್ಷ ಮುಂದೆ ಹೋಗುತ್ತದೆ. ಲೆಕ್ಕ ಅಷ್ಟು ಸುಲಭವಾಗಿ ಬಗ್ಗಬಾರದು ಅಲ್ವಾ?

ಇನ್ನೂ ಒಂದು ಮಾತು. ಆದಾಯ ತೆರಿಗೆಗೆ ನಗದು ಪದ್ಧತಿ ಹಿಡಿದರೂ ಜಿಎಸ್‌ಟಿ ನಿಮ್ಮನ್ನು ಬಿಡಲ್ಲ. ಅದು ಬಿಲ್ಲಿನ ತಾರೀಖು ನೋಡುತ್ತದೆ.

ಈಗ ನಿಮ್ಮ ಅಂಕಿಗೆ ಬರುತ್ತೇನೆ. ಮಾರಾಟ ಏರಿದ್ದು 20%. ಬಾಕಿ ಏರಿದ್ದು ಸುಮಾರು 78%. ಇವೆರಡೂ ಜೊತೆಯಲ್ಲಿ ಏರಿದ್ದರೆ ನಾನು ಏನೂ ಅನ್ನುತ್ತಿರಲಿಲ್ಲ. ವ್ಯಾಪಾರ ಬೆಳೆದಿದೆ, ಬಾಕಿಯೂ ಬೆಳೆದಿದೆ, ಅಷ್ಟೇ. ಬಾಕಿ ಮುಂದೆ ಓಡುತ್ತಿದೆ ಅಂದರೆ ಒಂದೋ ಪಾರ್ಟಿಗಳು ತಡ ಮಾಡುತ್ತಿದ್ದಾರೆ, ಇಲ್ಲವೇ ಮಾರಾಟ ಅಂತ ಬರೆದದ್ದರಲ್ಲಿ ಏನೋ ಸರಿಯಿಲ್ಲ.

ಇದನ್ನು ದಿನದ ಲೆಕ್ಕದಲ್ಲಿ ನೋಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಬಾಕಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿ. ಆದರೆ ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಬಾಕಿಯಲ್ಲಿ ಜಿಎಸ್‌ಟಿ ಸೇರಿರುತ್ತದೆ, ಲಾಭ-ನಷ್ಟ ಪಟ್ಟಿಯ ಮಾರಾಟದಲ್ಲಿ ಸೇರಿರುವುದಿಲ್ಲ. ಹಾಗೇ ಭಾಗಿಸಿದರೆ ಸುಮ್ನೆ ಹೆದರುತ್ತೀರಿ. ಮಾರಾಟಕ್ಕೂ 18% ಸೇರಿಸಿ:

```
ಹೋದ ವರ್ಷ:  80 ÷ 354   × 365 ≈ 82 ದಿನ
ಈ ವರ್ಷ:   142 ÷ 424.8 × 365 ≈ 122 ದಿನ
```

ಅಂಕಿಗಳೆಲ್ಲ ಲಕ್ಷದಲ್ಲಿ. ಸರಾಸರಿ ಒಂದು ಬಿಲ್ಲಿನ ದುಡ್ಡು ಬರಲು ಹೋದ ವರ್ಷ ಸುಮಾರು ಮೂರು ತಿಂಗಳು ಸಾಕಾಗುತ್ತಿತ್ತು, ಈಗ ನಾಲ್ಕು ತಿಂಗಳು ಬೇಕು. ಆ ನಲವತ್ತು ದಿನವೇ ನಿಮ್ಮ ಬ್ಯಾಂಕ್ ಬ್ಯಾಲೆನ್ಸನ್ನು ತಿಂದದ್ದು. ಬಾಕಿ ಏರಿದ 62 ಲಕ್ಷದಲ್ಲಿ ಸುಮಾರು 9.5 ಲಕ್ಷ ಜಿಎಸ್‌ಟಿ. ಅದು ನಿಮ್ಮ ಆದಾಯವೇ ಅಲ್ಲ, ಸರ್ಕಾರಕ್ಕೆ ಲೆಕ್ಕ ಒಪ್ಪಿಸಿಯೂ ಆಗಿದೆ. ಉಳಿದ 52 ಲಕ್ಷಕ್ಕೂ ಸ್ವಲ್ಪ ಜಾಸ್ತಿ ಮಾತ್ರ ನಿಮ್ಮ ಮಾರಾಟದ್ದು. ಲಾಭ ಇರುವುದು 24 ಲಕ್ಷ. ಲಾಭ ಪೂರ್ತಿ ಬಾಕಿಯಲ್ಲಿ ಕೂತಿದೆ, ಅದರ ಮೇಲೆ ಬೇರೆಯವರ ದುಡ್ಡೂ ಕೂತಿದೆ. ಆ ಬೇರೆಯವರು ಯಾರು ಅಂದರೆ ನಿಮಗೆ ಓವರ್‌ಡ್ರಾಫ್ಟ್ ಕೊಟ್ಟ ಬ್ಯಾಂಕು, ನಿಮಗೆ ಮಾಲು ಕೊಟ್ಟು ಕಾಯುತ್ತಿರುವವರು. ಬ್ಯಾಲೆನ್ಸ್ ಶೀಟಿನಲ್ಲಿ ಹೋದ ವರ್ಷ ಮತ್ತು ಈ ವರ್ಷದ ಕ್ರೆಡಿಟರ್ಸ್ ಅಕ್ಕಪಕ್ಕ ಇಟ್ಟು ನೋಡಿ, ಗೊತ್ತಾಗುತ್ತದೆ.

'ಮಾರಾಟ ಅಂತ ಬರೆದದ್ದರಲ್ಲಿ ಏನೋ ಸರಿಯಿಲ್ಲ' ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ಕಾರ್ಖಾನೆಯಲ್ಲಿ ಮಾರ್ಚ್ 31ರ ರಾತ್ರಿ ಹನ್ನೊಂದರವರೆಗೆ ಕೂತು ಹದಿನಾಲ್ಕು ಬಿಲ್ ಮಾಡಿದ್ದೆ. ಮಾಲು ಹೊರಗೆ ಹೋಗಿರಲಿಲ್ಲ. ಕಿಟಕಿಯಿಂದಲೇ ಕಾಣುತ್ತಿತ್ತು, ಅರ್ಧಕ್ಕೆ ಪೇಂಟ್ ಕೂಡ ಆಗಿರಲಿಲ್ಲ. 'ಹೇಗಿದ್ದರೂ ಮುಂದಿನ ವಾರ ಹೋಗುತ್ತಲ್ಲ' ಅಂದರು ಮಾಲೀಕರು. ಬ್ಯಾಂಕಿಗೆ ಒಂದು ಟರ್ನೋವರ್ ತೋರಿಸಬೇಕಿತ್ತು, ಅದಕ್ಕೆ ಸ್ವಲ್ಪ ಕಡಿಮೆ ಬಿದ್ದಿತ್ತು.

ಜೂನ್‌ನಲ್ಲಿ ಆಡಿಟರ್ ಕಡೆಯ ಹುಡುಗಿ ಬಂದಳು. ಸಿಎ ಓದುತ್ತಾ ಆರ್ಟಿಕಲ್‌ಶಿಪ್ ಮಾಡುತ್ತಿದ್ದಳು, ನನಗಿಂತ ಚಿಕ್ಕವಳು. ಬಿಲ್ ಬುಕ್ ಕೇಳಲಿಲ್ಲ. ನೇರವಾಗಿ ಸೆಕ್ಯುರಿಟಿ ಕ್ಯಾಬಿನ್‌ಗೆ ಹೋಗಿ ಔಟ್‌ವರ್ಡ್ ರಿಜಿಸ್ಟರ್ ತಂದಳು. ಮಾರ್ಚ್ 31ರ ಪುಟದಲ್ಲಿ ಎರಡೇ ಲಾರಿ. ನನ್ನ ಹದಿನಾಲ್ಕು ಬಿಲ್ಲಿನ ಮಾಲು ಏಪ್ರಿಲ್ 6ರಿಂದ 19ರವರೆಗೆ ಒಂದೊಂದಾಗಿ ಗೇಟು ದಾಟಿತ್ತು. ವಾಚ್‌ಮನ್ ಕೈಬರಹದಲ್ಲಿ ಲಾರಿ ನಂಬರ್, ಟೈಮು ಸಮೇತ ಇತ್ತು. ಅವಳು ಒಂದೂ ಮಾತಾಡದೆ ಪೆನ್ಸಿಲ್‌ನಲ್ಲಿ ಟಿಕ್ ಹಾಕುತ್ತಾ ಹೋದಳು. ಹದಿನಾಲ್ಕೂ ಬಿಲ್ ಮುಂದಿನ ವರ್ಷಕ್ಕೆ ಹೋದವು. ಆಮೇಲೆ ನಾನು ಯಾವ ಮಾಲೀಕರು ಹೇಳಿದರೂ ಗೇಟ್ ರಿಜಿಸ್ಟರ್ ನೋಡದೆ ಮಾರ್ಚ್ ಬಿಲ್ ಮಾಡಿಲ್ಲ. ಈಗಂತೂ ಇ-ವೇ ಬಿಲ್ ಬಂದಿದೆ, ವಾಚ್‌ಮನ್ ಬರೆಯದಿದ್ದರೂ ಪೋರ್ಟಲ್ ಬರೆದಿಟ್ಟುಕೊಂಡಿರುತ್ತದೆ.

ಅಕ್ರೂಯಲ್ ಪದ್ಧತಿಯ ದೌರ್ಬಲ್ಯ ಇದೇ. ದುಡ್ಡು ಬಂದಿದೆಯಾ ಅಂತ ಬ್ಯಾಂಕ್ ಪಾಸ್‌ಬುಕ್ ಹೇಳುತ್ತದೆ. ಹಕ್ಕು ಬಂದಿದೆಯಾ ಅಂತ ಮನುಷ್ಯ ತೀರ್ಮಾನ ಮಾಡಬೇಕು. ಆದರೆ ಸುಳ್ಳು ಬರೆದವನಿಗೂ ಒಂದು ತೊಂದರೆ ಇದೆ. ಪ್ರತಿ ಸುಳ್ಳು ಮಾರಾಟಕ್ಕೆ ಇನ್ನೊಂದು ಕಡೆ ಎಂಟ್ರಿ ಬೇಕು. ಅದು ಪಾರ್ಟಿ ಬಾಕಿಯಲ್ಲಿ ಹೋಗಿ ಕೂರುತ್ತದೆ. ವಸೂಲಿ ಆಗಲ್ಲ, ಯಾಕೆ ಅಂದರೆ ಕೊಡಬೇಕಾದವನೇ ಇಲ್ಲ. ಹಾಗಾಗಿ ಬಾಕಿ ಉಬ್ಬುತ್ತಾ ಹೋಗುತ್ತದೆ, ನೋಡುವವರಿಗೆ ಅನುಮಾನ ಬರುತ್ತದೆ.

ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕಥೆಯಲ್ಲಿ ನನಗೆ ಕುತೂಹಲ ಅನಿಸಿದ್ದು ಇದೇ ಜಾಗ. 2009ರ ಜನವರಿ 7ರಂದು ಅದರ ಚೇರ್ಮನ್ ರಾಮಲಿಂಗ ರಾಜು ಬರೆದ ತಪ್ಪೊಪ್ಪಿಗೆ ಪತ್ರದಲ್ಲಿ ಪಾರ್ಟಿ ಬಾಕಿ 490 ಕೋಟಿ ಜಾಸ್ತಿ ತೋರಿಸಿದ್ದೇವೆ ಅಂತಿತ್ತು. ಇಲ್ಲದ ನಗದು ಮತ್ತು ಬ್ಯಾಂಕ್ ಬ್ಯಾಲೆನ್ಸ್ ಮಾತ್ರ 5,040 ಕೋಟಿ. ಸುಳ್ಳು ಆದಾಯವನ್ನು ಬಾಕಿಯಲ್ಲೇ ಬಿಟ್ಟಿದ್ದರೆ ಬಾಕಿ ಬೆಟ್ಟದಷ್ಟಾಗಿ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಅದು ವಸೂಲಿಯಾಗಿ ಬ್ಯಾಂಕಿಗೆ ಬಂದಂತೆ ತೋರಿಸಬೇಕಾದರೆ ಬ್ಯಾಂಕಿನ ಕಾಗದವನ್ನೇ ಸುಳ್ಳು ಮಾಡಬೇಕು. ಅಲ್ಲಿ ಆದದ್ದೂ ಅದೇ.

ನಿಮ್ಮ ವಿಷಯ ಅಂಥದ್ದಲ್ಲ ಅಂತ ನನಗೆ ಗೊತ್ತು. ನಿಮ್ಮ ಬಾಕಿಯಲ್ಲಿ ಸುಳ್ಳು ಬಿಲ್ ಇರಲಿಕ್ಕಿಲ್ಲ, ಸತ್ತ ಬಿಲ್ ಇರಬಹುದು. ರಿಜೆಕ್ಟ್ ಆಗಿ ವಾಪಸ್ ಬಂದ ಮಾಲಿಗೆ, ಬಿಲ್ಲಿನ ಮೊತ್ತ ಇಳಿಸುವ ಕ್ರೆಡಿಟ್ ನೋಟ್ ಮಾಡದೇ ಬಿಟ್ಟಿರುತ್ತೀರಿ. ರೇಟು ಕಡಿಮೆ ಮಾಡಿ ಅಂತ ಪಾರ್ಟಿ ಹಿಡಿದುಕೊಂಡ ಹತ್ತು ಸಾವಿರ, ಇಪ್ಪತ್ತು ಸಾವಿರ ಹಾಗೇ ಬಾಕಿ ಅಂತ ಕೂತಿರುತ್ತದೆ. ಇವೆಲ್ಲ ಬರುವ ದುಡ್ಡಲ್ಲ, ಆದರೂ ಲಾಭದಲ್ಲಿ ಸೇರಿವೆ, ನೀವು ತೆರಿಗೆ ಕಟ್ಟುತ್ತಿದ್ದೀರಿ. ಕ್ರೆಡಿಟ್ ನೋಟ್‌ನಿಂದ ಜಿಎಸ್‌ಟಿ ಕಡಿಮೆ ಮಾಡಿಕೊಳ್ಳಬೇಕಾದರೆ, ಬಿಲ್ ಆದ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30 ಕೊನೆ. ಅದು ದಾಟಿದರೆ ಆ ಜಿಎಸ್‌ಟಿ ಹೋಯಿತು.

ಪಾರ್ಟಿ ಮುಳುಗಿಯೇ ಹೋಗಿದ್ದರೆ ಬ್ಯಾಡ್ ಡೆಟ್ ಅಂತ ಪುಸ್ತಕದಿಂದ ತೆಗೆದುಹಾಕಿ. ಹಿಂದೆ ಅದನ್ನು ಆದಾಯ ಅಂತ ಲೆಕ್ಕಕ್ಕೆ ಹಿಡಿದಿದ್ದರೆ, ತೆಗೆದ ವರ್ಷ ಖರ್ಚು ಅಂತ ಸಿಗುತ್ತದೆ. ಆದರೆ ಅದರ ಮೇಲೆ ಕಟ್ಟಿದ ಜಿಎಸ್‌ಟಿ ವಾಪಸ್ ಬರಲ್ಲ. ಬೇರೆ ಕೆಲವು ದೇಶಗಳಲ್ಲಿ ಆ ಅನುಕೂಲ ಇದೆ, ನಮ್ಮಲ್ಲಿ ಇಲ್ಲ. ಇದೊಂದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಬದುಕಿರುವ ಬಿಲ್ಲುಗಳಿಗೆ ನಿಮ್ಮ ಕೈಯಲ್ಲಿ ಒಂದು ಗಟ್ಟಿ ಹಿಡಿತ ಇದೆ. ನೀವು ಉದ್ಯಮ್ ರಿಜಿಸ್ಟ್ರೇಷನ್ ಮಾಡಿಸಿದ ಸಣ್ಣ ತಯಾರಕರಾಗಿದ್ದರೆ, ಪಾರ್ಟಿ ಏನೇ ಬರೆದುಕೊಂಡಿರಲಿ, 45 ದಿನ ದಾಟಿ ಉದ್ರಿ ಇಡುವಂತಿಲ್ಲ. ಇದು 2006ರ ಎಂಎಸ್‌ಎಂಇ ಕಾಯ್ದೆ. ಬಹಳ ವರ್ಷ ಯಾರೂ ಕೇರ್ ಮಾಡಲಿಲ್ಲ. ದೊಡ್ಡ ಪಾರ್ಟಿಗೆ ಬಡ್ಡಿ ಕೇಳಿದರೆ ಮುಂದಿನ ಆರ್ಡರ್ ಹೋಗುತ್ತದೆ ಅಂತ ಎಲ್ಲರಿಗೂ ಭಯ. 2023ರಲ್ಲಿ 1961ರ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಅನ್ನುವ ನಿಯಮ ಸೇರಿಸಿದ ಮೇಲೆ ಸ್ವಲ್ಪ ಬಿಸಿ ತಟ್ಟಿದೆ. ನಿಮ್ಮ ದುಡ್ಡನ್ನು ಆ ಅವಧಿಯೊಳಗೆ ಕೊಡದಿದ್ದರೆ, ಕೊಟ್ಟ ವರ್ಷ ಮಾತ್ರ ಅವರು ಅದನ್ನು ಖರ್ಚು ಅಂತ ತೋರಿಸಬಹುದು. ತಮಾಷೆ ನೋಡಿ. ನಿಮ್ಮ ಆದಾಯ ಬಿಲ್ ಆದ ವರ್ಷದಲ್ಲೇ ನಿಲ್ಲುತ್ತದೆ, ತಡ ಮಾಡಿದ ಪಾರ್ಟಿಯ ಖರ್ಚಿಗೆ ಮಾತ್ರ ನಗದು ಪದ್ಧತಿಯ ನಿಯಮ. ಅದಕ್ಕೇ ಮಾರ್ಚ್ ಹತ್ತಿರ ಬಂದಾಗ ದೊಡ್ಡ ಕಂಪನಿಗಳ ಅಕೌಂಟ್ಸ್‌ನವರು ತಾವಾಗೇ ಫೋನ್ ಮಾಡಿ ಉದ್ಯಮ್ ಸರ್ಟಿಫಿಕೇಟ್ ಕೇಳುತ್ತಾರೆ. ನಿಮ್ಮ ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಪ್ರಿಂಟ್ ಆಗುತ್ತಿದೆಯಾ ಅಂತ ಇವತ್ತೇ ನೋಡಿ.

ಇನ್ನೊಂದು, 180 ದಿನ. ಬಿಲ್ ಆಗಿ 180 ದಿನದೊಳಗೆ ನಿಮಗೆ ದುಡ್ಡು ಕೊಡದಿದ್ದರೆ ಪಾರ್ಟಿ ನಿಮ್ಮ ಬಿಲ್ಲಿನ ಜಿಎಸ್‌ಟಿಯನ್ನು ತನ್ನ ಜಿಎಸ್‌ಟಿಯಲ್ಲಿ ಕಳೆದುಕೊಂಡದ್ದನ್ನು, ಅಂದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು, ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಪರ್ಚೇಸ್‌ನವರಿಗೆ ಇದು ಗೊತ್ತಿರಲ್ಲ, ಅಕೌಂಟ್ಸ್‌ನವರಿಗೆ ಗೊತ್ತಿರುತ್ತದೆ. ಹಾಗಾಗಿ ಫೋನ್ ಅಕೌಂಟ್ಸ್‌ಗೆ ಮಾಡಿ.

ಫೋನ್ ಮಾಡುವ ಮುಂಚೆ ಟ್ಯಾಲಿಯಲ್ಲಿ `Outstandings` ಒಳಗೆ `Receivables` ತೆಗೆದು, ಬಿಲ್ ಪ್ರಕಾರ, ಎಷ್ಟು ದಿನ ಹಳೆಯದು ಅಂತ ಪ್ರಿಂಟ್ ತೆಗೆದುಕೊಳ್ಳಿ. ಪಾರ್ಟಿವಾರು ಒಟ್ಟು ಮೊತ್ತ ನೋಡಬೇಡಿ, ಅದರಲ್ಲಿ ಏನೂ ಕಾಣಲ್ಲ. ಪ್ರತಿ ತಿಂಗಳು ದುಡ್ಡು ಹಾಕುವ ಒಳ್ಳೇ ಪಾರ್ಟಿಯ ಖಾತೆಯಲ್ಲೇ ಮಧ್ಯದ ಒಂದು ಬಿಲ್ ಮಾತ್ರ ಬಾಕಿ ಉಳಿದಿದ್ದರೆ, ಅದು ತಡ ಅಲ್ಲ, ಅದಕ್ಕೆ ಏನೋ ಕಾರಣ ಇದೆ.

ಹೋದ ವರ್ಷ ನನ್ನ ಕ್ಲೈಂಟ್ ಒಬ್ಬರದ್ದು ಹೀಗೇ 7.4 ಲಕ್ಷದ ಬಿಲ್ ಐದು ತಿಂಗಳಿಂದ ನಿಂತಿತ್ತು. ಪಾರ್ಟಿ ಕೊಡಲ್ಲ ಅಂದಿರಲಿಲ್ಲ, 'ಸಿಸ್ಟಮ್‌ನಲ್ಲಿ ಕಾಣುತ್ತಿಲ್ಲ' ಅನ್ನುತ್ತಿದ್ದರು. ಇವರು ಅದನ್ನು ನೆಪ ಅಂದುಕೊಂಡು ಬೈದುಕೊಳ್ಳುತ್ತಿದ್ದರು. ನಾನು ಅಕೌಂಟ್ಸ್‌ಗೆ ಫೋನ್ ಮಾಡಿ, 'ಪೇಮೆಂಟ್ ಯಾವಾಗ' ಅಂತ ಕೇಳುವ ಬದಲು 'ಜಿಆರ್‌ಎನ್ ನಂಬರ್ ಕೊಡಿ' ಅಂದೆ. ಜಿಆರ್‌ಎನ್ ಅಂದರೆ ಮಾಲು ಬಂದಿದೆ ಅಂತ ಅವರ ಸ್ಟೋರ್ ಮಾಡುವ ಎಂಟ್ರಿ. ಆಗಿರಲೇ ಇಲ್ಲ. ಲಾರಿ ರಾತ್ರಿ ಹೋಗಿತ್ತು, ಸ್ಟೋರಿನವರು ಇರಲಿಲ್ಲ, ಸೆಕ್ಯುರಿಟಿಯವನು ಸಹಿ ಹಾಕಿ ಇಳಿಸಿಕೊಂಡಿದ್ದ. ಆ ಚಲನ್ ಡ್ರೈವರ್ ವಾಪಸ್ ಕೊಡದೆ ಲಾರಿಯ ಡ್ಯಾಶ್‌ಬೋರ್ಡ್‌ನಲ್ಲೇ ಇಟ್ಟುಕೊಂಡಿದ್ದ. ನಮ್ಮ ಪುಸ್ತಕದಲ್ಲಿ ಐದು ತಿಂಗಳಿಂದ ಆದಾಯ, ಅವರ ಪುಸ್ತಕದಲ್ಲಿ ಆ ಮಾಲು ಬಂದೇ ಇಲ್ಲ. ಅದೃಷ್ಟಕ್ಕೆ ಚಲನ್ ಇನ್ನೂ ಅಲ್ಲೇ ಇತ್ತು, ಬಿಸಿಲಿಗೆ ಅರ್ಧ ಮಾಸಿತ್ತು. ಅದರ ಫೋಟೋ ಕಳಿಸಿದ ಹನ್ನೆರಡನೇ ದಿನ ದುಡ್ಡು ಬಂತು.